ಗೀರು ಬಿದ್ದರೂ ಕ್ಯೂಆರ್ ಕೋಡ್ ಓದುವುದು ಹೇಗೆ: ಒಳಗಿನ ಲೆಕ್ಕ, ಅದರ ಮಿತಿ, ಹೊಸ ಪ್ರತಿ ತೆಗೆಯುವ ಕ್ರಮ

ಅಂಗಡಿಯ ಗಲ್ಲಾ ಮುಂದೆ ಅಂಟಿಸಿದ ಯುಪಿಐ ಸ್ಟಿಕ್ಕರ್ ದಿನವಿಡೀ ಪೆಟ್ಟು ತಿನ್ನುತ್ತದೆ. ಚಿಲ್ಲರೆ ಎಳೆದುಕೊಳ್ಳುವಾಗ ನಾಣ್ಯ ಉಜ್ಜುತ್ತದೆ. ಎಣ್ಣೆ ಕೈ ತಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶಾಯಿ ಹರಡುತ್ತದೆ. ಆದರೂ ಫೋನ್ ಹಿಡಿದ ಕೂಡಲೇ ಅಂಗಡಿಯ ಹೆಸರು ಒಂದಕ್ಷರವೂ ತಪ್ಪದೆ ಬರುತ್ತದೆ. ಇದಕ್ಕೆ ಕ್ಯಾಮೆರಾ ಒಂದೇ ಕಾರಣ ಅಲ್ಲ. ಕೋಡ್ ತಯಾರಿಸುವಾಗಲೇ ಅದರೊಳಗೆ ಒಂದಷ್ಟು ಹೆಚ್ಚುವರಿ ಸಂಖ್ಯೆಗಳನ್ನು ಸೇರಿಸಿರುತ್ತಾರೆ. ಅಳಿಸಿಹೋದದ್ದನ್ನು ಅವುಗಳಿಂದ ಲೆಕ್ಕ ಹಾಕಿ ವಾಪಸ್ ಪಡೆಯಬಹುದು.

ಈ ಕೋಡ್ ಹುಟ್ಟಿದ್ದೇ ಕೊಳೆಯಾಗುವ ಜಾಗಕ್ಕಾಗಿ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಜೊತೆಗಾರರು ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಾರ್ಖಾನೆಯಲ್ಲಿ ಚೀಟಿಗೆ ಎಣ್ಣೆ ಮೆತ್ತಿಕೊಳ್ಳುವುದು ಮಾಮೂಲಿ. ಅದನ್ನು ತಾಳಿಕೊಳ್ಳಲು ಅವರು ಆರಿಸಿಕೊಂಡದ್ದು 1960ರಲ್ಲಿ ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಪ್ರಕಟಿಸಿದ ಒಂದು ಗಣಿತ ವಿಧಾನ. ಹಾಡಿನ ಸಿಡಿಗಳಲ್ಲಿ ಗೀರು ಬಿದ್ದರೂ ಹಾಡು ನಿಲ್ಲದಂತೆ ನೋಡಿಕೊಂಡದ್ದೂ ಇದೇ ಕುಟುಂಬದ ಲೆಕ್ಕ.

ಈ ಲೆಕ್ಕದ ತಿರುಳು ಕಷ್ಟವಿಲ್ಲ. ಅದು ಗೊತ್ತಿದ್ದರೆ ಯಾವ ಗೀರು ಅಪಾಯ, ಯಾವುದು ಅಲ್ಲ ಅಂತ ನೋಡಿಯೇ ಹೇಳಬಹುದು. ಹಾಳಾದ ಸ್ಟಿಕ್ಕರ್‌ನಿಂದ ಹೊಸದರಷ್ಟೇ ಗಟ್ಟಿಯಾದ ಪ್ರತಿಯನ್ನೂ ತೆಗೆಯಬಹುದು. ಒಂದು ಕೋಡ್ ಹಿಡಿದುಕೊಂಡು ಹಂತಹಂತವಾಗಿ ನೋಡೋಣ.

ಮೊದಲ ಹಂತ: ಒಳಗೇನಿದೆ ನೋಡಿ

ಯುಪಿಐ ಕೋಡ್‌ನ ಒಳಗೆ ಇರುವುದು ಒಂದು ಸಾಲು ಬರಹ, ಅಷ್ಟೇ. ಉದಾಹರಣೆಗೆ ನಾನು ಸುಮ್ನೆ ಕಟ್ಟಿದ ಈ ಸಾಲು ನೋಡಿ. ಇದು ಯಾರ ನಿಜವಾದ ವಿಳಾಸವೂ ಅಲ್ಲ.

```
upi://pay?pa=angadi@bank&pn=Angadi&cu=INR
```

`pa` ಅಂದರೆ ಹಣ ಹೋಗಬೇಕಾದ ವಿಳಾಸ, `pn` ಅಂದರೆ ಹೆಸರು, `cu` ಅಂದರೆ ಯಾವ ದೇಶದ ಹಣ ಎಂಬುದು. ಒಟ್ಟು 41 ಅಕ್ಷರ ಮತ್ತು ಚಿಹ್ನೆ. ಒಂದೊಂದಕ್ಕೆ ಒಂದು ಬೈಟ್. ಒಂದು ಬೈಟ್ ಅಂದರೆ ಎಂಟು ಬಿಟ್, ಅಂದರೆ ಎಂಟು ಕಪ್ಪು ಅಥವಾ ಬಿಳಿ ಮನೆಗಳು. ಬರಹದ ಬಗೆ, ಅದರ ಉದ್ದ ಮತ್ತು ಮುಗಿಯಿತೆಂಬ ಗುರುತು ಸೇರಿ ಇನ್ನೆರಡು ಬೈಟ್. ಜಾಗ ತುಂಬಲು ಒಂದು. ಒಟ್ಟು 44.

ಇದು 29 ಮನೆ ಅಡ್ಡ, 29 ಮನೆ ಉದ್ದದ ಕೋಡ್‌ನಲ್ಲಿ ಹಿಡಿಸುತ್ತದೆ. ಮೂಲೆಯ ಚೌಕ, ಚುಕ್ಕಿ ಸಾಲುಗಳಂಥ ಗುರುತುಗಳನ್ನು ಬಿಟ್ಟರೆ ಆ ಕೋಡ್‌ನಲ್ಲಿ 70 ಬೈಟ್‌ಗೆ ಜಾಗವಿದೆ. 44 ನಮ್ಮ ಬರಹಕ್ಕೆ ಹೋಯಿತು. ಉಳಿದ 26 ಬೈಟ್ ಪೂರ್ತಿ ಹೆಚ್ಚುವರಿ ಸಂಖ್ಯೆಗಳಿಗೆ. ಅಂದರೆ ಕೋಡ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗ ಹಾಳಾಗುವ ದಿನಕ್ಕಾಗಿಯೇ ಮೀಸಲು.

ಈ 26 ಬೈಟ್‌ಗಳು ಬರಹದ ನಕಲು ಅಂದುಕೊಳ್ಳಬೇಡಿ. ನಕಲಾಗಿದ್ದರೆ 44 ಬೈಟ್‌ಗೆ ಇನ್ನೊಂದು 44 ಬೇಕಾಗುತ್ತಿತ್ತು. ಸಾಲದ್ದಕ್ಕೆ ಎರಡೂ ಪ್ರತಿಗಳು ಬೇರೆ ಬೇರೆ ಹೇಳಿದರೆ ಯಾವುದು ಸರಿ ಅಂತ ಗೊತ್ತಾಗುತ್ತಲೂ ಇರಲಿಲ್ಲ.

ಎರಡನೇ ಹಂತ: ಪೆನ್ನು ಹಾಳೆ ತೆಗೆದುಕೊಂಡು ಒಂದು ತಪ್ಪು ತಿದ್ದಿ

ಈ ಭಾಗವನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಇಡೀ ವಿಷಯದ ಜೀವ ಇಲ್ಲಿದೆ.

ನಾಲ್ಕು ಸಂಖ್ಯೆ ಬರೆಯಿರಿ: 4, 7, 2, 9. ಇವು ನಮ್ಮ ಬರಹ ಅಂತಿರಲಿ. ಈಗ ಎರಡು ಹೆಚ್ಚುವರಿ ಸಂಖ್ಯೆ ಸೇರಿಸೋಣ. ಮೊದಲನೆಯದು ನಾಲ್ಕರ ಮೊತ್ತ: 22. ಎರಡನೆಯದಕ್ಕೆ ಪ್ರತಿ ಸಂಖ್ಯೆಯನ್ನು ಅದು ನಿಂತಿರುವ ಸ್ಥಾನದಿಂದ ಗುಣಿಸಿ ಕೂಡಿ. ಅಂದರೆ 4×1, 7×2, 2×3, 9×4. ಮೊತ್ತ 60. ಚೀಟಿಯಲ್ಲಿ ಬರೆಯುವುದು 4, 7, 2, 9, 22, 60.

ಈಗ ಚೀಟಿಗೆ ಶಾಯಿ ತಾಗಿ 2 ಇದ್ದದ್ದು 5ರ ಹಾಗೆ ಕಾಣುತ್ತದೆ. ಓದುವವರಿಗೆ ಸಿಗುವುದು 4, 7, 5, 9, 22, 60. ಅವರು ಎರಡೂ ಲೆಕ್ಕ ಮತ್ತೆ ಮಾಡುತ್ತಾರೆ. ಮೊತ್ತ 25 ಬರುತ್ತದೆ, ಇರಬೇಕಾದದ್ದು 22. ಅಂದರೆ ಎಲ್ಲೋ 3 ಜಾಸ್ತಿಯಾಗಿದೆ. ಎಲ್ಲಿ ಅಂತ ಇನ್ನೂ ಗೊತ್ತಿಲ್ಲ. ಎರಡನೇ ಲೆಕ್ಕ 69 ಬರುತ್ತದೆ, ಇರಬೇಕಾದದ್ದು 60. ಅಲ್ಲಿ 9 ಜಾಸ್ತಿ. ಮೂರರ ತಪ್ಪು ಯಾವ ಸ್ಥಾನದಲ್ಲಿದ್ದರೆ ಒಂಬತ್ತಾಗುತ್ತದೆ? 9 ಭಾಗಿಸು 3, ಮೂರನೇ ಸ್ಥಾನ. ಮೂರನೇ ಸಂಖ್ಯೆಯಿಂದ 3 ಕಳೆದರೆ 2. ಮೂಲ ಸಂಖ್ಯೆ ಸಿಕ್ಕಿತು.

ತಪ್ಪು ಎಲ್ಲಿದೆ ಅಂತ ಯಾರೂ ತೋರಿಸಲಿಲ್ಲ, ಅಲ್ವಾ? ಎರಡು ವ್ಯತ್ಯಾಸಗಳೇ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟವು. ಎಷ್ಟು ತಪ್ಪಿದೆ, ಎಲ್ಲಿ ತಪ್ಪಿದೆ. ಹೆಚ್ಚುವರಿ ಸಂಖ್ಯೆಗೇ ಪೆಟ್ಟು ಬಿದ್ದಿದ್ದರೂ ಗೊತ್ತಾಗುತ್ತದೆ. 22 ಇದ್ದದ್ದು 27 ಆಗಿದ್ದರೆ ಮೊದಲ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ, ಎರಡನೆಯದು ಸರಿಯಾಗಿಯೇ ಬರುತ್ತದೆ. ಬರಹದಲ್ಲಿ ಒಂದು ತಪ್ಪಿದ್ದಿದ್ದರೆ ಎರಡೂ ಕೆಡಬೇಕಿತ್ತು.

ಕ್ಯೂಆರ್ ಕೋಡ್ ಮಾಡುವುದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಒಂದು ತಪ್ಪಿಗೆ ಎರಡು ಹೆಚ್ಚುವರಿ ಸಂಖ್ಯೆ ಬೇಕು, ಒಂದು ಜಾಗ ಹೇಳಲು, ಒಂದು ಮೌಲ್ಯ ಹೇಳಲು. ನಮ್ಮ ಕೋಡ್‌ನಲ್ಲಿ 26 ಇವೆ, ಆದ್ದರಿಂದ 13 ಬೈಟ್ ತಪ್ಪಾದರೂ ತಿದ್ದಬಹುದು. 70ರಲ್ಲಿ ಯಾವ 13 ಆದರೂ ಸರಿ. ಒಂದು ವ್ಯತ್ಯಾಸ ಮಾತ್ರ ಇದೆ. ಸಾಮಾನ್ಯ ಗುಣಾಕಾರದಲ್ಲಿ ಸಂಖ್ಯೆಗಳು ಬೆಳೆಯುತ್ತಾ ಹೋಗಿ ಒಂದು ಬೈಟ್‌ನಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಕೂಡಿದರೂ ಗುಣಿಸಿದರೂ ಉತ್ತರ 0ರಿಂದ 255ರ ಒಳಗೇ ಉಳಿಯುವ ಬೇರೆ ಬಗೆಯ ಅಂಕಗಣಿತ ಬಳಸುತ್ತಾರೆ. ದಾರಿ ಮಾತ್ರ ನೀವು ಈಗ ಹಾಳೆಯಲ್ಲಿ ಮಾಡಿದ್ದೇ.

ತಪ್ಪು 14 ಆದರೆ? ಹೆಚ್ಚಿನ ಸಲ ಲೆಕ್ಕ ಎಲ್ಲೂ ಕೂಡಿಬರುವುದಿಲ್ಲ, ಫೋನ್ ಏನನ್ನೂ ತೋರಿಸದೆ ಹುಡುಕುತ್ತಲೇ ಇರುತ್ತದೆ. ಅರ್ಧಂಬರ್ಧ ತಪ್ಪಾದ ವಿಳಾಸ ತೋರಿಸುವುದಿಲ್ಲ. ಹಣದ ವಿಷಯದಲ್ಲಿ ಇದು ದೊಡ್ಡ ನೆಮ್ಮದಿ. ಗೀರು ಬಿದ್ದ ಕಾರಣಕ್ಕೆ ಹಣ ಇನ್ಯಾರಿಗೋ ಹೋಗುವ ಭಯ ಬೇಡ. ಆದರೆ ಬೇರೆಯವರು ತಮ್ಮ ಸ್ಟಿಕ್ಕರನ್ನು ಮೇಲೆ ಅಂಟಿಸಿದ್ದರೆ ಈ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಆ ಕೋಡ್ ತನ್ನ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅದಕ್ಕೆ ಪರದೆಯ ಮೇಲೆ ಬರುವ ಹೆಸರನ್ನು ಓದುವುದೊಂದೇ ದಾರಿ.

ಮೂರನೇ ಹಂತ: ಗೀರು ಎಲ್ಲಿದೆ, ಯಾವ ದಿಕ್ಕಿಗಿದೆ ನೋಡಿ

ಗೀರು ಸಣ್ಣದಿದ್ದರೆ ಈ ಗಣಿತದ ತನಕ ಹೋಗುವುದೇ ಇಲ್ಲ. ಸ್ಕ್ಯಾನರ್ ಪ್ರತಿ ಮನೆಯ ನಡುಭಾಗ ಕಪ್ಪೋ ಬಿಳಿಯೋ ಅಂತ ನೋಡುತ್ತದೆ. ಕೋಡ್ 58 ಮಿಲಿಮೀಟರ್ ಅಗಲ ಮುದ್ರಿಸಿದ್ದರೆ ಒಂದು ಮನೆ 2 ಮಿಲಿಮೀಟರ್. ಅರ್ಧ ಮಿಲಿಮೀಟರ್‌ನ ಗೀರು ಮನೆಯ ಬಣ್ಣವನ್ನು ಬದಲಿಸುವುದು ಕಷ್ಟ. ಅದೇ ಕೋಡನ್ನು ವಿಸಿಟಿಂಗ್ ಕಾರ್ಡ್‌ನ ಮೂಲೆಯಲ್ಲಿ 15 ಮಿಲಿಮೀಟರ್‌ಗೆ ಇಳಿಸಿದರೆ ಮನೆಯೇ ಅರ್ಧ ಮಿಲಿಮೀಟರ್ ಆಗುತ್ತದೆ. ಆಗ ಅದೇ ಗೀರು ಮನೆಗಳನ್ನು ನುಂಗುತ್ತಾ ಹೋಗುತ್ತದೆ. ದೊಡ್ಡದಾಗಿ ಮುದ್ರಿಸುವುದೇ ಮೊದಲ ರಕ್ಷಣೆ.

ಗೀರು ಮನೆಯಷ್ಟೇ ಅಗಲವಿದ್ದರೆ ದಿಕ್ಕು ಮುಖ್ಯವಾಗುತ್ತದೆ. ಕೋಡ್‌ನಲ್ಲಿ ಬೈಟ್‌ಗಳನ್ನು ಎರಡು ಮನೆ ಅಗಲದ ಕಂಬಗಳಲ್ಲಿ, ಬಲಗಡೆಯಿಂದ ಶುರುಮಾಡಿ, ಕೆಳಗಿನಿಂದ ಮೇಲೆ, ಮತ್ತೆ ಮೇಲಿನಿಂದ ಕೆಳಗೆ ತುಂಬುತ್ತಾರೆ. ಹಾಗಾಗಿ ಸಾಮಾನ್ಯವಾಗಿ ಒಂದು ಬೈಟ್ ಎರಡು ಮನೆ ಅಗಲ, ನಾಲ್ಕು ಮನೆ ಎತ್ತರ. ಮೇಲಿನಿಂದ ಕೆಳಗೆ ಎಳೆದ ಒಂದು ಮನೆ ಅಗಲದ ಗೀರು ಒಂದೇ ಕಂಬದಲ್ಲಿ ಇಳಿಯುತ್ತದೆ, ಹೆಚ್ಚೆಂದರೆ ಏಳೆಂಟು ಬೈಟ್ ತಾಗುತ್ತದೆ. ಅಡ್ಡಡ್ಡ ಎಳೆದ ಅಷ್ಟೇ ಅಗಲದ ಗೀರು ಹದಿನಾಲ್ಕೂ ಕಂಬಗಳನ್ನು ದಾಟುತ್ತದೆ. ಒಂದೊಂದರಲ್ಲಿ ಒಂದು ಬೈಟ್, ಒಟ್ಟು 14. ನಮ್ಮ ಮಿತಿ 13!

ಆದರೂ ಅಂಥ ಅಡ್ಡ ಗೀರು ಬಿದ್ದ ಕೋಡ್ ಹೆಚ್ಚಿನ ಸಲ ಓದುತ್ತದೆ. ಬಣ್ಣ ಕಿತ್ತು ಬಿಳಿಯಾದ ಗೀರು ಕಪ್ಪು ಮನೆಗಳನ್ನು ಮಾತ್ರ ಕೆಡಿಸುತ್ತದೆ, ಮೊದಲೇ ಬಿಳಿಯಾಗಿದ್ದವಕ್ಕೆ ಏನೂ ಆಗುವುದಿಲ್ಲ. ಪ್ರತಿ ಬೈಟ್‌ನಲ್ಲಿ ಗೀರಿನ ಕೆಳಗೆ ಎರಡು ಮನೆ ಸಿಗುತ್ತವೆ. ಎರಡೂ ಬಿಳಿಯಾಗಿರುವ ಸಂಭವ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಹಾಗಾಗಿ ನಿಜವಾಗಿ ಕೆಡುವುದು ಸುಮಾರು ಹತ್ತು ಹನ್ನೊಂದು ಬೈಟ್. ಮಿತಿಯೊಳಗೇ ಇದೆ, ಆದರೆ ಅಂಚಿಗೆ ಬಂದು ನಿಂತಿದೆ. ಸ್ಟಿಕ್ಕರ್ ಕಿತ್ತಾಗ ಅಡ್ಡಕ್ಕೆ ಮಡಿಕೆ ಬಿದ್ದಿದ್ದರೆ, ಬೋರ್ಡಿನ ಹಗ್ಗ ಅಡ್ಡಕ್ಕೆ ಉಜ್ಜುತ್ತಿದ್ದರೆ ಮೊದಲು ಅದನ್ನು ಗಮನಿಸಿ.

ಕಲೆಯ ಲೆಕ್ಕ ಬೇರೆ. ಒಂದು ಬೈಟ್‌ನಲ್ಲಿ ಒಂದು ಮನೆ ಕೆಟ್ಟರೂ ಎಂಟೂ ಕೆಟ್ಟರೂ ಅದು ಒಂದೇ ತಪ್ಪು. ಆದ್ದರಿಂದ ಒಂದೇ ಕಡೆ ಬಿದ್ದ ಕಲೆ, ಕೋಡ್ ತುಂಬಾ ಚೆಲ್ಲಿದ ಅಷ್ಟೇ ಮನೆಗಳ ಚುಕ್ಕೆಗಳಿಗಿಂತ ಕಡಿಮೆ ಹಾನಿ ಮಾಡುತ್ತದೆ. ನಮ್ಮ ಕೋಡ್‌ನಲ್ಲಿ ಆರು ಮನೆ ಅಗಲ, ಆರು ಮನೆ ಎತ್ತರದ ಕಲೆ ಬರಹದ ಜಾಗದಲ್ಲಿ ಎಲ್ಲೇ ಬಿದ್ದರೂ ಹೆಚ್ಚೆಂದರೆ ನಾಲ್ಕು ಕಂಬ, ಕಂಬಕ್ಕೆ ಮೂರು ಬೈಟ್. ಒಟ್ಟು 12. ತಿದ್ದಬಹುದು. ಅದೇ 36 ಮನೆಗಳನ್ನು 36 ಬೇರೆ ಬೇರೆ ಬೈಟ್‌ಗಳಲ್ಲಿ ಒಂದೊಂದಾಗಿ ಕೆಡಿಸಿದರೆ ಕೋಡ್ ಮುಗಿಯಿತು. ಮರಳು ಉಜ್ಜಿದಂತೆ ಪೂರ್ತಿ ಸವೆದ ಸ್ಟಿಕ್ಕರ್ ನೋಡಲು ಪರವಾಗಿಲ್ಲ ಅನ್ನಿಸಿದರೂ ಓದದಿರುವುದು ಇದಕ್ಕೇ.

ಲೆಕ್ಕ ಕಾಪಾಡದ ಜಾಗಗಳು

ಮೂರು ಮೂಲೆಯ ದೊಡ್ಡ ಚೌಕಗಳಿಗೆ ಈ ರಕ್ಷಣೆ ಇಲ್ಲ. ಅವು ಬರಹ ಅಲ್ಲ, ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಹುಡುಕುವ ಗುರುತು. ಒಂದು ಚೌಕದ ನಟ್ಟನಡುವೆ ಹಾದುಹೋಗುವಂತೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು ಬಿಳಿ 1:1:3:1:1 ಪ್ರಮಾಣದಲ್ಲಿ ಸಿಗುತ್ತದೆ, ಸ್ಕ್ಯಾನರ್ ಹುಡುಕುವುದು ಅದನ್ನೇ. ಒಂದು ಚೌಕ ಪೂರ್ತಿ ಹೋದರೆ, ಉಳಿದದ್ದೆಲ್ಲ ಹೊಸದರಂತಿದ್ದರೂ ಸಾಮಾನ್ಯವಾಗಿ ಸ್ಕ್ಯಾನ್ ಶುರುವೇ ಆಗುವುದಿಲ್ಲ.

ಆ ಚೌಕಗಳ ಪಕ್ಕದಲ್ಲೇ 15 ಮನೆಗಳ ಒಂದು ಪಟ್ಟಿ ಇದೆ. ಕೋಡ್‌ನಲ್ಲಿ ಎಷ್ಟು ಮಟ್ಟದ ತಿದ್ದುಪಡಿ ಇದೆ ಎಂಬ ಮಾಹಿತಿ ಅದರಲ್ಲಿರುತ್ತದೆ. ಅದಿಲ್ಲದೆ ಉಳಿದದ್ದನ್ನು ಓದಲಾಗದು. ಅದಕ್ಕೇ ಅದನ್ನು ಎರಡು ಕಡೆ ಬರೆದಿರುತ್ತಾರೆ, ಪ್ರತಿಯೊಂದರಲ್ಲೂ ಮೂರು ಮನೆ ತಪ್ಪಿದರೂ ತಿದ್ದಬಹುದು.

ಇನ್ನೊಂದು, ಸುತ್ತಲಿನ ಖಾಲಿ ಅಂಚು. ನಾಲ್ಕು ಮನೆಯಷ್ಟು ಬಿಳಿ ಜಾಗ ಇರಬೇಕು ಅಂತ ನಿಯಮ. ಚೆಂದ ಕಾಣಲಿ ಅಂತ ಅಂಚನ್ನು ಒತ್ತಿ ಕತ್ತರಿಸಿ ಕಪ್ಪು ಬೋರ್ಡಿನ ಮೇಲೆ ಅಂಟಿಸಿದರೆ, ಒಂದೂ ಗೀರಿಲ್ಲದ ಕೋಡ್ ಕೂಡ ತಕರಾರು ಮಾಡಬಹುದು.

ನಡುವೆ ಕೂರಿಸುವ ಚಿತ್ರದ ಬಗ್ಗೆಯೂ ಹೇಳಬೇಕು. ಲೋಗೋ ಕೆಳಗಿನ ಮನೆಗಳು ಸ್ಕ್ಯಾನರ್ ಪಾಲಿಗೆ ಹಾಳಾದ ಮನೆಗಳೇ. ಲೋಗೋ ಎಂಟು ಬೈಟ್ ತಿಂದಿದ್ದರೆ ನಾಣ್ಯದ ಗೀರಿಗೆ ಉಳಿಯುವುದು ಐದು ಮಾತ್ರ. ಅಂಗಡಿ ಮುಂದೆ ಬಿಸಿಲು ಮಳೆಯಲ್ಲಿ ನಿಲ್ಲುವ ಸ್ಟಿಕ್ಕರ್‌ಗೆ ನಡುವಿನ ಲೋಗೋ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಕ್ಕದಲ್ಲೋ ಮೇಲೋ ಹಾಕಿಸಿ.

ನಾಲ್ಕನೇ ಹಂತ: ಮಟ್ಟ ಆರಿಸಿ

ಕೋಡ್ ತಯಾರಿಸುವ ತಂತ್ರಾಂಶಗಳಲ್ಲಿ L, M, Q, H ಅಂತ ನಾಲ್ಕು ಮಟ್ಟ ಇರುತ್ತವೆ. ಸುಮಾರು 7, 15, 25, 30 ಪ್ರತಿಶತ ಹಾನಿ ತಾಳುತ್ತವೆ ಅಂತ ಬರೆದಿರುತ್ತಾರೆ. ಇದು ಬೈಟ್‌ಗಳ ಲೆಕ್ಕ, ಕಾಗದದ ಜಾಗದ್ದಲ್ಲ. ಮೇಲೆ ನೋಡಿದ 36 ಮನೆಯ ಕಲೆ ಇಡೀ ಕೋಡ್‌ನ 4 ಪ್ರತಿಶತದಷ್ಟೇ, ಆದರೆ ಕೆಟ್ಟ ಜಾಗದಲ್ಲಿ ಬಿದ್ದರೆ 12 ಬೈಟ್ ಮುಟ್ಟುತ್ತದೆ. ಆದ್ದರಿಂದ ಈ ಅಂಕಿಗಳನ್ನು ನಂಬಿ ಕೋಡ್‌ನ ಏಳನೇ ಒಂದು ಭಾಗ ಹರಿದರೂ ಓದುತ್ತದೆ ಅಂತ ಕೂರಬೇಡಿ.

H ಎಲ್ಲಕ್ಕಿಂತ ಒಳ್ಳೆಯದಾ? ಯಾವಾಗಲೂ ಅಲ್ಲ. ನಮ್ಮ 41 ಅಕ್ಷರಗಳನ್ನು H ಮಟ್ಟದಲ್ಲಿ ಹಾಕಲು 37 ಮನೆ ಅಗಲದ ಕೋಡ್ ಬೇಕು. ಅದೇ 58 ಮಿಲಿಮೀಟರ್‌ನಲ್ಲಿ ಮುದ್ರಿಸಿದರೆ ಒಂದು ಮನೆ 2 ಮಿಲಿಮೀಟರ್‌ನಿಂದ ಸುಮಾರು 1.6ಕ್ಕೆ ಇಳಿಯುತ್ತದೆ. ಶಾಯಿ ಹರಡುವ ಅಗ್ಗದ ಮುದ್ರಣದಲ್ಲಿ, ದೂರದಿಂದ ಸ್ಕ್ಯಾನ್ ಮಾಡುವಾಗ ಇದು ನಷ್ಟವೇ. ಆದರೆ L ಮತ್ತು M ಎರಡಕ್ಕೂ ಈ ಬರಹಕ್ಕೆ ಅದೇ 29 ಮನೆಯ ಕೋಡ್ ಸಾಕು. L ಹಾಕಿದರೆ 7 ಬೈಟ್ ತಿದ್ದಬಹುದು, M ಹಾಕಿದರೆ 13. ಗಾತ್ರ ಒಂದೇ, ಖರ್ಚು ಒಂದೇ. ಹಲವು ತಂತ್ರಾಂಶಗಳು ನೀವು ಹೇಳದಿದ್ದರೆ L ಹಾಕಿಬಿಡುತ್ತವೆ. ಆದ್ದರಿಂದ M ಅಂತ ನೀವೇ ಆರಿಸಿ. ಕಾಗದ ದೊಡ್ಡದಿದ್ದು ಜಾಗ ಒರಟಾಗಿದ್ದರೆ Qಗೆ ಹೋಗಿ, 33 ಮನೆ ಆಗುತ್ತದೆ.

ಐದನೇ ಹಂತ: ಹಳೆಯದನ್ನು ಜೆರಾಕ್ಸ್ ಮಾಡಿಸಬೇಡಿ, ಮತ್ತೆ ಹುಟ್ಟಿಸಿ

ಸ್ಟಿಕ್ಕರ್ ಹಾಳಾಗುತ್ತಾ ಬಂದಾಗ ಅನೇಕರು ಅದರ ಫೋಟೋ ತೆಗೆದು ಅಥವಾ ಜೆರಾಕ್ಸ್ ಮಾಡಿಸಿ ಹೊಸದಾಗಿ ಲ್ಯಾಮಿನೇಟ್ ಮಾಡಿಸುತ್ತಾರೆ. ಕಾಗದ ಹೊಸದು, ಆದರೆ ಹಳೆಯ ಗೀರುಗಳೆಲ್ಲ ಅದರಲ್ಲೂ ಇರುತ್ತವೆ. ಹತ್ತು ಬೈಟ್ ಕೆಟ್ಟಿದ್ದ ಕೋಡ್‌ನ ನಕಲಿನಲ್ಲೂ ಮೊದಲ ದಿನದಿಂದಲೇ ಹತ್ತು ಬೈಟ್ ಕೆಟ್ಟಿರುತ್ತವೆ. ಇನ್ನು ಮೂರು ಹೋದರೆ ಮಿತಿ ಮುಟ್ಟಿತು.

ನಿಮ್ಮ ಪೇಮೆಂಟ್ ಆ್ಯಪ್‌ನಿಂದ ಹೊಸ ಕೋಡ್ ಇಳಿಸಿಕೊಳ್ಳಲು ಆಗುವುದಾದರೆ ಅದೇ ಸುಲಭ. ಆಗದಿದ್ದರೆ, ಹಳೆಯ ಕೋಡ್ ಒಂದು ಸಲ ಓದಿದರೂ ಸಾಕು. ಒಮ್ಮೆ ಓದಿತೆಂದರೆ ತಿದ್ದುಪಡಿ ಮುಗಿದು ಬರಹ ಪೂರ್ತಿ ಶುದ್ಧವಾಗಿ ಸಿಕ್ಕಿತು ಅಂತಲೇ ಅರ್ಥ. ಆ ಬರಹದಿಂದ ಮತ್ತೆ ಕೋಡ್ ಮಾಡಿದರೆ 13ಕ್ಕೆ 13ರ ರಕ್ಷಣೆಯೂ ವಾಪಸ್ ಬರುತ್ತದೆ. ಲಿನಕ್ಸ್ ಕಂಪ್ಯೂಟರಿನಲ್ಲಿ `zbarimg` ಮತ್ತು `qrencode` ಹಾಕಿಕೊಂಡರೆ ಇಷ್ಟೇ ಕೆಲಸ:

```
zbarimg -q --raw hale.jpg | tr -d '\n' > baraha.txt
cat baraha.txt
qrencode -8 -l M -s 20 -m 4 -o hosa.png < baraha.txt
```

ಮೊದಲ ಸಾಲು ಹಳೆಯ ಫೋಟೋದಿಂದ ಬರಹ ತೆಗೆಯುತ್ತದೆ. ಎರಡನೆಯದು ಅದನ್ನು ತೋರಿಸುತ್ತದೆ, ವಿಳಾಸ ನಿಮ್ಮದೇ ಅಂತ ಕಣ್ಣಾರೆ ನೋಡಿಕೊಳ್ಳಿ. ಮೂರನೆಯದು M ಮಟ್ಟದಲ್ಲಿ, ನಾಲ್ಕು ಮನೆಯ ಖಾಲಿ ಅಂಚಿನೊಂದಿಗೆ ಹೊಸ ಚಿತ್ರ ಮಾಡುತ್ತದೆ. ವ್ಯಾಪಾರಿಗಳ ಕೋಡ್‌ನಲ್ಲಿ ಬರಹ ಇನ್ನೂ ಉದ್ದ ಇರಬಹುದು, ಅರ್ಥವಾಗದ ಅಕ್ಷರಗಳ ಸರಮಾಲೆ ಇರಬಹುದು. ಅನಗತ್ಯ ಅಂತ ಏನನ್ನೂ ಅಳಿಸಬೇಡಿ. ಬರಹ ಉದ್ದವಾದಂತೆ ಕೋಡ್‌ನ ಮನೆಗಳೂ ಹೆಚ್ಚುತ್ತವೆ, ಆಗ ಮುದ್ರಣವನ್ನೂ ಅಷ್ಟು ದೊಡ್ಡದು ಮಾಡಿ.

ಮುದ್ರಣಕ್ಕೆ ಲೇಸರ್ ಪ್ರಿಂಟರ್ ಒಳ್ಳೆಯದು, ಸಾಮಾನ್ಯ ಇಂಕ್‌ಜೆಟ್ ಶಾಯಿ ನೀರು ತಾಗಿದರೆ ಹರಡುತ್ತದೆ. ಹೊಳೆಯುವ ಲ್ಯಾಮಿನೇಶನ್‌ಗಿಂತ ಮ್ಯಾಟ್ ಮೇಲು. ಟ್ಯೂಬ್‌ಲೈಟ್‌ನ ಪ್ರತಿಫಲನ ಕೋಡ್ ಮೇಲೆ ಬಿದ್ದರೆ ಸ್ಕ್ಯಾನರ್‌ಗೆ ಅದೂ ಒಂದು ಬಿಳಿ ಕಲೆ. ಗ್ರಾಹಕರು ಫೋನ್ ಓರೆ ಮಾಡಿದಾಗ ಓದಿದರೆ, ನೇರ ಹಿಡಿದಾಗ ಓದದಿದ್ದರೆ, ತಪ್ಪು ಗೀರಿನದ್ದಲ್ಲ, ಬೆಳಕಿನದ್ದು.

ಅಂಟಿಸುವ ಮುಂಚೆ ಒಂದು ಪರೀಕ್ಷೆ

58 ಮಿಲಿಮೀಟರ್‌ಗೆ ಮುದ್ರಿಸಿದ 29 ಮನೆಯ ಕೋಡ್ ನಿಮ್ಮ ಮುಂದಿದೆ ಅಂದುಕೊಳ್ಳಿ. ಬಿಳಿ ಕಾಗದದಲ್ಲಿ 12 ಮಿಲಿಮೀಟರ್‌ನ ಒಂದು ಚೌಕ ಕತ್ತರಿಸಿ. ಮೂರು ಮೂಲೆಯ ಚೌಕಗಳನ್ನು, ಅವುಗಳ ಅಕ್ಕಪಕ್ಕವನ್ನು ಬಿಟ್ಟು ಬೇರೆ ಕಡೆಗಳಲ್ಲಿ ಇಟ್ಟು ಸ್ಕ್ಯಾನ್ ಮಾಡಿ. ಇದು ಆರು ಮನೆ ಅಗಲದ ಕಲೆ, ಎಲ್ಲಿಟ್ಟರೂ ಓದಬೇಕು. 16 ಮಿಲಿಮೀಟರ್‌ನ ಚೌಕ ಇಟ್ಟರೆ ಕೆಲವು ಕಡೆ ಓದುತ್ತದೆ, ಕೆಲವು ಕಡೆ ಓದದೇ ಇರಬಹುದು. ಬೈಟ್‌ಗಳ ಗಡಿಗೆ ಸರಿಯಾಗಿ ಕೂತರೆ ಎಂಟೇ ಬೈಟ್ ಮುಚ್ಚುತ್ತದೆ, ಗಡಿ ದಾಟಿ ಕೂತರೆ ಹದಿನೈದರವರೆಗೆ ಹೋಗುತ್ತದೆ. 20 ಮಿಲಿಮೀಟರ್‌ನದ್ದನ್ನು ನಟ್ಟನಡುವೆ ಇಟ್ಟರೆ ಕನಿಷ್ಠ 15 ಬೈಟ್ ಮುಚ್ಚಿಹೋಗುತ್ತವೆ, ಸ್ಕ್ಯಾನ್ ಬಹುಮಟ್ಟಿಗೆ ನಿಂತೇ ಹೋಗುತ್ತದೆ.

12 ಮಿಲಿಮೀಟರ್‌ನ ಚೌಕಕ್ಕೇ ನಿಂತರೆ ಆ ಮುದ್ರಣದಲ್ಲಿ ತೊಂದರೆ ಇದೆ. ಮಟ್ಟ L ಆಗಿರಬಹುದು, ಶಾಯಿ ಹರಡಿರಬಹುದು, ನಡುವೆ ಲೋಗೋ ಇರಬಹುದು. ಅಂಗಡಿಯಲ್ಲಿ ಈಗಾಗಲೇ ಇರುವ ಸ್ಟಿಕ್ಕರ್‌ಗೂ ಇದೇ ಪರೀಕ್ಷೆ ಮಾಡಬಹುದು. ಒಂದು ಸಾಲಿನ ಮನೆ ಎಣಿಸಿ, ಅಗಲವನ್ನು ಅದರಿಂದ ಭಾಗಿಸಿದರೆ ಒಂದು ಮನೆಯ ಅಳತೆ ಸಿಗುತ್ತದೆ. ಮೊದಲು ನಾಲ್ಕು ಮನೆ ಅಗಲದ ಚೌಕ ಕಾಗದ ಇಟ್ಟು ನೋಡಿ. ಏನೂ ಇಡದಿದ್ದಾಗ ಓದಿ, ಇಷ್ಟು ಮುಚ್ಚಿದರೆ ನಿಲ್ಲುತ್ತದೆ ಅಂದರೆ ಅದರ ಹೆಚ್ಚುವರಿ ಸಂಖ್ಯೆಗಳಲ್ಲಿ ಬಹುಪಾಲು ಹಳೆಯ ಗೀರುಗಳನ್ನು ತಿದ್ದುವುದಕ್ಕೇ ಖರ್ಚಾಗಿರಬಹುದು. ಅದು ಇನ್ನೂ ಓದುತ್ತಿರುವಾಗಲೇ ಫೋಟೋ ತೆಗೆದು ಬರಹ ಇಳಿಸಿಟ್ಟುಕೊಳ್ಳಿ. ಪೂರ್ತಿ ನಿಂತ ಮೇಲೆ ಆ ಕಾಗದದಿಂದ ಬರಹ ತೆಗೆಯುವುದು ಕಷ್ಟ. ಹೊಸ ಕೋಡ್ ಅಂಟಿಸಿದ ಮೇಲೆ ಬೇರೆ ಫೋನಿನಿಂದ ಒಂದು ರೂಪಾಯಿ ಕಳಿಸಿ, ಹೆಸರು ಸರಿಯಾಗಿ ಬಂತಾ, ಹಣ ನಿಮ್ಮ ಖಾತೆಗೇ ಬಿತ್ತಾ ಅಂತ ನೋಡಿಕೊಳ್ಳಿ.